ಕಾರ್ಡಿಗೆ ಎರಡು ಪರ್ಸೆಂಟ್ ಜಾಸ್ತಿ: ಲಾಡ್ಜ್ ಕೌಂಟರಿನ ಬೋರ್ಡು ಏನು ಹೇಳಬೇಕು?

ಹೊಸಪೇಟೆಯಿರಲಿ, ಶಿವಮೊಗ್ಗವಿರಲಿ, ಮೈಸೂರಿರಲಿ, ಬಸ್ ಸ್ಟ್ಯಾಂಡಿನ ಆಸುಪಾಸಿನ ಯಾವುದೇ ಸಣ್ಣ ಲಾಡ್ಜಿನ ಕೌಂಟರಿನಲ್ಲಿ ಪಾವತಿಯ ಬಗ್ಗೆ ಒಂದು ಕಾಗದ ಅಂಟಿಸಿರುತ್ತಾರೆ. ‘ಕಾರ್ಡ್ ಪೇಮೆಂಟ್‌ಗೆ 2% ಎಕ್ಸ್‌ಟ್ರಾ’ ಎಂದು ಒಂದು ಕಡೆ ಬರೆದಿದ್ದರೆ ಇನ್ನೊಂದು ಕಡೆ ‘ಓನ್ಲಿ ಕ್ಯಾಶ್’ ಎಂದಿರುತ್ತದೆ. ಮತ್ತೊಂದು ಕಡೆ ಸ್ಕ್ಯಾನರ್ ಮಾತ್ರ ಇರುತ್ತದೆ, ಬರಹ ಏನೂ ಇರುವುದಿಲ್ಲ. ರಾತ್ರಿ ಹತ್ತು ಗಂಟೆಗೆ ಮಕ್ಕಳನ್ನೂ ಲಗೇಜನ್ನೂ ಕಟ್ಟಿಕೊಂಡು ಬಂದವರು ಅದನ್ನು ಓದುವ ಸ್ಥಿತಿಯಲ್ಲಿರುವುದಿಲ್ಲ. ಬೆಳಿಗ್ಗೆ ಬಸ್ಸಿಗೆ ಹೊತ್ತಾಗುತ್ತಿರುವಾಗ ಬಿಲ್ಲಿನಲ್ಲಿ ಅರವತ್ತೋ ಎಪ್ಪತ್ತೋ ರೂಪಾಯಿ ಹೆಚ್ಚಿಗೆ ಕಾಣುತ್ತದೆ. ಕೇಳಿದರೆ, “ಬೋರ್ಡಲ್ಲಿ ಹಾಕಿದ್ದೀವಲ್ಲ ಸರ್, ಬ್ಯಾಂಕಿನವರು ಕಟ್ ಮಾಡ್ತಾರೆ” ಎಂಬ ಉತ್ತರ ಬರುತ್ತದೆ.

ಬ್ಯಾಂಕಿನವರು ನಿಜವಾಗಿ ಎಷ್ಟು ಕಟ್ ಮಾಡುತ್ತಾರೆ? ಅದನ್ನು ಅತಿಥಿಯಿಂದ ವಸೂಲಿ ಮಾಡಬಹುದೇ? ಬೋರ್ಡಿನಲ್ಲಿ ಬರೆದ ಮಾತ್ರಕ್ಕೆ ಅದು ಸರಿಯಾಗಿಬಿಡುತ್ತದೆಯೇ? ಲಾಡ್ಜ್ ನಡೆಸುವವರಿಗೂ ಅಲ್ಲಿ ತಂಗುವವರಿಗೂ ಉಪಯೋಗವಾಗುವ ಪ್ರಶ್ನೆಗಳಿವು. ಉತ್ತರ ಕಷ್ಟದ್ದೇನಲ್ಲ. ಒಂದು ಬಿಲ್ಲನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದರೆ ಸಾಕು.

ಒಂದು ಬಿಲ್ಲಿನ ಲೆಕ್ಕ

ಉದಾಹರಣೆಗೆ ಹೊಸಪೇಟೆಯಲ್ಲಿ ಇಪ್ಪತ್ತು ರೂಮಿನ ಒಂದು ಲಾಡ್ಜ್ ಇದೆ ಎಂದುಕೊಳ್ಳಿ. ರೂಮಿನ ಬಾಡಿಗೆ ದಿನಕ್ಕೆ 1,500 ರೂಪಾಯಿ. ಹಂಪಿ ನೋಡಲು ಬಂದ ಒಂದು ಕುಟುಂಬ ಎರಡು ದಿನ ಉಳಿದರೆ ಬಾಡಿಗೆ 3,000 ರೂಪಾಯಿ. ದಿನಕ್ಕೆ 7,500 ರೂಪಾಯಿಯವರೆಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 5. ಹಾಗಾಗಿ ತೆರಿಗೆ 150 ರೂಪಾಯಿ, ಒಟ್ಟು ಬಿಲ್ಲು 3,150 ರೂಪಾಯಿ.

ಈ ಹಣ ಲಾಡ್ಜಿಗೆ ಯಾವ ದಾರಿಯಲ್ಲಿ ಬರುತ್ತದೆ ಎಂಬುದರ ಮೇಲೆ ಖರ್ಚು ಬದಲಾಗುತ್ತದೆ. ಅತಿಥಿ ತನ್ನ ಬ್ಯಾಂಕ್ ಖಾತೆಯಿಂದ ಯುಪಿಐ ಮೂಲಕ ಕೊಟ್ಟರೆ 3,150 ರೂಪಾಯಿಯೂ ಲಾಡ್ಜಿನ ಖಾತೆಗೆ ಬರುತ್ತದೆ. ರುಪೇ ಡೆಬಿಟ್ ಕಾರ್ಡಿನಲ್ಲಿ ಕೊಟ್ಟರೂ ಅಷ್ಟೇ. ಈ ಎರಡು ವಿಧಾನಗಳಿಗೆ ವ್ಯಾಪಾರಿಯಿಂದ ಶುಲ್ಕ ಪಡೆಯುವುದನ್ನು 2020ರ ಜನವರಿ 1ರಿಂದ ಕೇಂದ್ರ ಸರ್ಕಾರ ನಿಲ್ಲಿಸಿದೆ. ಕೌಂಟರಿನಲ್ಲಿ ಕೂಗುವ ಸೌಂಡ್‌ಬಾಕ್ಸಿಗೆ ತಿಂಗಳ ಬಾಡಿಗೆ ಇರಬಹುದು, ಆದರೆ ಅದು ಒಂದೊಂದು ಬಿಲ್ಲಿಗೆ ಬೀಳುವ ಖರ್ಚಲ್ಲ.

ಬೇರೆ ಕಂಪನಿಯ ಡೆಬಿಟ್ ಕಾರ್ಡಾದರೆ ಸ್ವೈಪಿಂಗ್ ಮಷೀನ್ ಕೊಟ್ಟ ಬ್ಯಾಂಕು ಒಂದು ಪಾಲನ್ನು ಹಿಡಿದುಕೊಳ್ಳುತ್ತದೆ. ವ್ಯವಹಾರದ ಭಾಷೆಯಲ್ಲಿ ಇದಕ್ಕೆ ಎಂಡಿಆರ್ ಎನ್ನುತ್ತಾರೆ. ಡೆಬಿಟ್ ಕಾರ್ಡಿನ ಎಂಡಿಆರ್‌ಗೆ ರಿಸರ್ವ್ ಬ್ಯಾಂಕು 2018ರ ಜನವರಿಯಿಂದ ಮೇಲ್ಮಿತಿ ಹಾಕಿದೆ. ವರ್ಷದ ವಹಿವಾಟು 20 ಲಕ್ಷ ರೂಪಾಯಿಯೊಳಗಿರುವ ವ್ಯಾಪಾರಿಗೆ ಮಷೀನಿನ ಮೇಲೆ ಶೇ 0.40, ಅದಕ್ಕಿಂತ ದೊಡ್ಡವರಿಗೆ ಶೇ 0.90. ನಮ್ಮ ಹೊಸಪೇಟೆಯ ಲಾಡ್ಜಿನಲ್ಲಿ ಅರ್ಧದಷ್ಟು ರೂಮು ತುಂಬಿದರೂ ವರ್ಷಕ್ಕೆ ಸುಮಾರು 55 ಲಕ್ಷ ರೂಪಾಯಿ ಬಾಡಿಗೆ ಬರುತ್ತದೆ. ಆದ್ದರಿಂದ ಅದಕ್ಕೆ ಹೆಚ್ಚೆಂದರೆ ಶೇ 0.90 ಬೀಳುತ್ತದೆ. ಅಂದರೆ 28 ರೂಪಾಯಿ ಚಿಲ್ಲರೆ. ಬ್ಯಾಂಕಿನ ಈ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ ಇರುವುದರಿಂದ ಒಟ್ಟು ಸುಮಾರು 33 ರೂಪಾಯಿ.

ಕ್ರೆಡಿಟ್ ಕಾರ್ಡಿಗೆ ಇಂಥ ಮೇಲ್ಮಿತಿ ಇಲ್ಲ. ಬ್ಯಾಂಕಿಗೂ ಲಾಡ್ಜಿಗೂ ಆದ ಒಪ್ಪಂದದಲ್ಲಿ ಬರೆದದ್ದೇ ದರ. ಶೇ 2 ಎಂದು ಹಿಡಿದರೆ 63 ರೂಪಾಯಿ, ಅದರ ಮೇಲಿನ ತೆರಿಗೆ ಸೇರಿ 74 ರೂಪಾಯಿ. ವಿದೇಶಿ ಬ್ಯಾಂಕಿನ ಕಾರ್ಡಾದರೆ ಇನ್ನೂ ಹೆಚ್ಚು. ಯುಪಿಐಗೆ ಜೋಡಿಸಿದ ರುಪೇ ಕ್ರೆಡಿಟ್ ಕಾರ್ಡಿನಿಂದ ಬಂದ ಹಣವೂ ಪೂರ್ತಿ ಉಚಿತವಲ್ಲ. ಸಣ್ಣ ವ್ಯಾಪಾರಿಗೆ 2,000 ರೂಪಾಯಿಯವರೆಗೆ ಶುಲ್ಕವಿಲ್ಲ, ಅದನ್ನು ಮೀರಿದ ಬಿಲ್ಲಿಗೆ ಶುಲ್ಕ ಇದೆ. ನೋಡುವವರಿಗೆ ಎರಡೂ ಒಂದೇ ಸ್ಕ್ಯಾನರ್, ಒಂದೇ ಸೌಂಡ್‌ಬಾಕ್ಸಿನ ಕೂಗು. ‘ಯುಪಿಐನಲ್ಲೂ ಕಟ್ ಆಗ್ತಿದೆ’ ಎಂದು ಕೆಲವು ಮಾಲೀಕರು ಹೇಳುವುದರ ಹಿಂದೆ ಈ ಕಾರಣವಿರಬಹುದು. ಯಾವ ಪಾವತಿಯಲ್ಲಿ ಎಷ್ಟು ಹಿಡಿದಿದ್ದಾರೆ ಎಂಬುದು ಬ್ಯಾಂಕ್ ಕಳಿಸುವ ಸೆಟಲ್‌ಮೆಂಟ್ ವಿವರದಲ್ಲಿ ಸಾಲು ಸಾಲಾಗಿ ಇರುತ್ತದೆ. ಅದನ್ನು ತಿಂಗಳಿಗೊಮ್ಮೆ ತೆಗೆದು ನೋಡಿದರೆ ಅನುಮಾನ ಬಗೆಹರಿಯುತ್ತದೆ.

ಈಗ ‘ಕಾರ್ಡಿಗೆ 2% ಎಕ್ಸ್‌ಟ್ರಾ’ ಎಂಬ ಸಾಲನ್ನು ಈ ಲೆಕ್ಕದ ಪಕ್ಕ ಇಟ್ಟು ನೋಡಿ. ಆ ಬೋರ್ಡು ಎಲ್ಲ ಕಾರ್ಡಿಗೂ 63 ರೂಪಾಯಿ ಕೇಳುತ್ತದೆ. ಕ್ರೆಡಿಟ್ ಕಾರ್ಡಿನಲ್ಲಿ ಅದು ಬ್ಯಾಂಕಿನ ಖರ್ಚಿಗೆ ಹತ್ತಿರವಾಗುತ್ತದೆ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಡೆಬಿಟ್ ಕಾರ್ಡಿನಲ್ಲಿ ಖರ್ಚಿನ ಎರಡರಷ್ಟಾಗುತ್ತದೆ. ರುಪೇ ಡೆಬಿಟ್ ಕಾರ್ಡಿನಲ್ಲಿ ಬ್ಯಾಂಕು ಒಂದು ಪೈಸೆಯನ್ನೂ ಹಿಡಿದಿಲ್ಲ, 63 ರೂಪಾಯಿಯೂ ಗಲ್ಲಾಪೆಟ್ಟಿಗೆಗೆ ಸೇರುತ್ತದೆ. ‘ಬ್ಯಾಂಕಿನವರು ಕಟ್ ಮಾಡ್ತಾರೆ’ ಎಂಬ ಮಾತು ಕ್ರೆಡಿಟ್ ಕಾರ್ಡಿನ ಮಟ್ಟಿಗೆ ನಿಜ. ಆದರೆ ಬೋರ್ಡು ಅದನ್ನು ಎಲ್ಲರ ಮೇಲೂ ಹಾಕುತ್ತಿದೆ.

ನಿಯಮ ಏನು ಹೇಳುತ್ತದೆ

ಡೆಬಿಟ್ ಕಾರ್ಡಿನ ವಿಷಯದಲ್ಲಿ ರಿಸರ್ವ್ ಬ್ಯಾಂಕಿನ ಮಾತು ಸ್ಪಷ್ಟ. ಡೆಬಿಟ್ ಕಾರ್ಡಿನಲ್ಲಿ ಕೊಟ್ಟವರಿಂದ ವ್ಯಾಪಾರಿಗಳು ಶೇಕಡಾವಾರು ಶುಲ್ಕ ವಸೂಲಿ ಮಾಡುವುದು ಸಲ್ಲದು ಎಂದು ಅದು 2013ರಲ್ಲೇ ಬ್ಯಾಂಕುಗಳಿಗೆ ತಿಳಿಸಿತ್ತು. 2017ರ ಡಿಸೆಂಬರಿನ ಸುತ್ತೋಲೆಯಲ್ಲಿ ಎಂಡಿಆರ್‌ನ ಹೊಸ ಮಿತಿಗಳನ್ನು ಹೇಳುವಾಗ, ಈ ಶುಲ್ಕವನ್ನು ವ್ಯಾಪಾರಿಗಳು ಗ್ರಾಹಕರ ಮೇಲೆ ಹಾಕದಂತೆ ಬ್ಯಾಂಕುಗಳೇ ನೋಡಿಕೊಳ್ಳಬೇಕು ಎಂದು ಮತ್ತೊಮ್ಮೆ ಹೇಳಿತು. ಆದ್ದರಿಂದ ‘ಡೆಬಿಟ್ ಕಾರ್ಡಿಗೆ ಇಷ್ಟು ಜಾಸ್ತಿ’ ಎಂದು ಎಷ್ಟೇ ದಪ್ಪ ಅಕ್ಷರದಲ್ಲಿ ಬರೆದರೂ ಅದಕ್ಕೆ ಆಧಾರ ಸಿಗುವುದಿಲ್ಲ. ಖಾತೆಯಿಂದ ನೇರವಾಗಿ ಬರುವ ಯುಪಿಐ ಹಣಕ್ಕೆ ಬ್ಯಾಂಕಿನ ಶುಲ್ಕವೇ ಇಲ್ಲದ ಮೇಲೆ ಶುಲ್ಕದ ಹೆಸರಿನಲ್ಲಿ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ.

ಕ್ರೆಡಿಟ್ ಕಾರ್ಡಿನಲ್ಲಿ ಉತ್ತರವನ್ನು ಹುಡುಕಬೇಕಾದದ್ದು ಮಷೀನ್ ಪಡೆಯುವಾಗ ಮಾಲೀಕರು ಸಹಿ ಹಾಕಿದ ಒಪ್ಪಂದದಲ್ಲಿ. ಕಾರ್ಡಿನಲ್ಲಿ ಕೊಡುವವರಿಗೂ ನಗದು ಕೊಡುವವರಿಗೂ ಒಂದೇ ಬೆಲೆ ಇರಬೇಕೆಂಬ ಷರತ್ತು ಇಂಥ ಒಪ್ಪಂದಗಳಲ್ಲಿ ಸಾಮಾನ್ಯ. ಕಾಗದಗಳ ಕಟ್ಟಿನಲ್ಲಿ ಅದನ್ನು ಓದಿದವರು ಕಡಿಮೆ. ಬೋರ್ಡು ಬರೆಸುವ ಮೊದಲು ಬ್ಯಾಂಕಿನ ಶಾಖೆಗೆ ಹೋಗಿ ‘ಕ್ರೆಡಿಟ್ ಕಾರ್ಡಿಗೆ ಹೆಚ್ಚುವರಿ ತೆಗೆದುಕೊಳ್ಳಲು ನಮ್ಮ ಒಪ್ಪಂದದಲ್ಲಿ ಅವಕಾಶವಿದೆಯೇ’ ಎಂದು ಲಿಖಿತವಾಗಿ ಕೇಳುವುದು ಒಳ್ಳೆಯದು. ಷರತ್ತು ಮುರಿದ ದೂರು ಬಂದರೆ ಬ್ಯಾಂಕು ಮಷೀನನ್ನೇ ವಾಪಸ್ ತೆಗೆದುಕೊಳ್ಳಬಹುದು.

ತೆರಿಗೆಯ ಕಡೆಯಿಂದಲೂ ಒಂದು ತೊಡಕಿದೆ. ಲಾಡ್ಜು ಅತಿಥಿಯಿಂದ ವಾಸ್ತವ್ಯಕ್ಕೆ ಸಂಬಂಧಿಸಿ ಪಡೆಯುವ ಹೆಚ್ಚುವರಿ ಹಣ ಜಿಎಸ್‌ಟಿ ಲೆಕ್ಕದಲ್ಲಿ ಬಾಡಿಗೆಯ ಭಾಗವೇ ಆಗುತ್ತದೆ. ಅಂದರೆ ‘ಕಾರ್ಡ್ ಚಾರ್ಜ್’ ಎಂದು ಪಡೆದ ಹಣವನ್ನೂ ಬಿಲ್ಲಿನಲ್ಲಿ ತೋರಿಸಿ ಅದರ ಮೇಲೂ ತೆರಿಗೆ ಕಟ್ಟಬೇಕು. ಬಿಲ್ಲು 3,150 ರೂಪಾಯಿಗೆ ಬರೆದು ಮಷೀನಿನಲ್ಲಿ 3,213 ರೂಪಾಯಿ ಒತ್ತಿದರೆ ಎರಡು ದಾಖಲೆಗಳು ತಾಳೆಯಾಗುವುದಿಲ್ಲ. ಅತಿಥಿಗೂ ಇದು ಗುರುತಿಸಲು ಸುಲಭವಾದ ಸಂಗತಿ. ಮಷೀನಿನಿಂದ ಬಂದ ಚೀಟಿಯ ಮೊತ್ತ, ಬಿಲ್ಲಿನ ಮೊತ್ತ ಎರಡೂ ಒಂದೇ ಇರಬೇಕು.

ಹಾಗಾದರೆ ಆ ಖರ್ಚನ್ನು ಭರಿಸುವವರು ಯಾರು?

ಲಾಡ್ಜ್ ಮಾಲೀಕರ ಕಷ್ಟ ಸುಳ್ಳಲ್ಲ. 1,500 ರೂಪಾಯಿಯ ರೂಮಿನಲ್ಲಿ ಕರೆಂಟು, ನೀರು, ಬಟ್ಟೆ ಒಗೆಯುವ ಖರ್ಚು, ಸಂಬಳ ಎಲ್ಲ ಕಳೆದು ಉಳಿಯುವುದು ಸ್ವಲ್ಪ. ಅದರಲ್ಲಿ 74 ರೂಪಾಯಿ ಬ್ಯಾಂಕಿಗೆ ಹೋದರೆ ಹೊಟ್ಟೆ ಉರಿಯುತ್ತದೆ. 2025ರ ಸೆಪ್ಟೆಂಬರಿನ ನಂತರ ಇದು ಇನ್ನೊಂದಿಷ್ಟು ಬಿಗಿಯಾಗಿದೆ. ಹಿಂದೆ ಇಂಥ ರೂಮಿಗೆ ತೆರಿಗೆ ಶೇ 12 ಇದ್ದಾಗ, ಬ್ಯಾಂಕಿನ ಶುಲ್ಕದ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ಮಾಲೀಕರು ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳಬಹುದಿತ್ತು. ಶೇ 5ರ ಪದ್ಧತಿಯಲ್ಲಿ ಆ ಸೌಲಭ್ಯ ಇಲ್ಲ. ಅತಿಥಿಗೆ ತೆರಿಗೆ ಇಳಿಯಿತು, ಮಾಲೀಕರಿಗೆ ಬ್ಯಾಂಕಿನ ಶುಲ್ಕ ತುಸು ಏರಿತು.

ಆದರೆ ಈ ಖರ್ಚನ್ನು ಎಲ್ಲ ಬಿಲ್ಲಿಗೂ ಹಂಚಿದಾಗ ಅದರ ಗಾತ್ರ ಎಷ್ಟು ಎಂದು ನೋಡಬೇಕು. ಹತ್ತು ಅತಿಥಿಗಳಲ್ಲಿ ಆರು ಮಂದಿ ಯುಪಿಐ, ಮೂವರು ನಗದು, ಒಬ್ಬರು ಕ್ರೆಡಿಟ್ ಕಾರ್ಡಿನಲ್ಲಿ ಕೊಡುತ್ತಾರೆ ಎಂದುಕೊಳ್ಳಿ. ಹತ್ತು ಬಿಲ್ಲಿಗೆ ಸೇರಿ ಬ್ಯಾಂಕಿಗೆ ಹೋಗುವುದು 74 ರೂಪಾಯಿ, ಬಿಲ್ಲಿಗೆ ಏಳೂವರೆ ರೂಪಾಯಿ. ಎರಡು ದಿನದ ವಾಸ್ತವ್ಯವಾದ್ದರಿಂದ ದಿನಕ್ಕೆ ನಾಲ್ಕು ರೂಪಾಯಿಯೊಳಗೆ. ಬಾಡಿಗೆಯನ್ನು 1,500ರಿಂದ 1,505 ಮಾಡಿದರೆ ಲೆಕ್ಕ ಸರಿಹೋಗುತ್ತದೆ. ಕಾರ್ಡಿನವರು ಹತ್ತರಲ್ಲಿ ಮೂವರಾದರೂ ದಿನಕ್ಕೆ ಹನ್ನೊಂದು ರೂಪಾಯಿ ಸಾಕು. ಐದೋ ಹತ್ತೋ ರೂಪಾಯಿಯ ವಿಷಯಕ್ಕೆ ಕೌಂಟರಿನಲ್ಲಿ ವಾದ ಮಾಡಿ, ಹೊರಟುನಿಂತ ಅತಿಥಿಯ ಮನಸ್ಸು ಕೆಡಿಸಿ ಕಳಿಸುವುದಕ್ಕಿಂತ ಬಾಡಿಗೆಯ ಫಲಕದಲ್ಲೇ ಅದನ್ನು ಸೇರಿಸುವುದು ಲೇಸು.

ನಗದಿಗೆ ಖರ್ಚೇ ಇಲ್ಲ ಎಂಬ ಎಣಿಕೆಯೂ ಪೂರ್ತಿ ಸರಿಯಲ್ಲ. ಚಿಲ್ಲರೆ ಹೊಂದಿಸಬೇಕು, ಎಣಿಸಬೇಕು, ರಾತ್ರಿ ಪಾಳಿಯವರಿಂದ ಬೆಳಗಿನ ಪಾಳಿಯವರಿಗೆ ಲೆಕ್ಕ ಒಪ್ಪಿಸಬೇಕು, ಬ್ಯಾಂಕಿಗೆ ಹೋಗಿ ಕಟ್ಟಬೇಕು. ಕರೆಂಟ್ ಅಕೌಂಟಿಗೆ ನಗದು ಕಟ್ಟುವುದಕ್ಕೂ ತಿಂಗಳಿಗೆ ಒಂದು ಮಿತಿ ಇದ್ದು, ಅದನ್ನು ದಾಟಿದರೆ ಬ್ಯಾಂಕುಗಳು ಶುಲ್ಕ ಹಾಕುತ್ತವೆ. ಒಂದು ಖೋಟಾ ಐನೂರರ ನೋಟು ಬಂದರೆ ಏಳು ಕ್ರೆಡಿಟ್ ಕಾರ್ಡ್ ಬಿಲ್ಲುಗಳ ಶುಲ್ಕ ಒಮ್ಮೆಲೇ ಹೋದಂತೆ.

‘ಓನ್ಲಿ ಕ್ಯಾಶ್’ ಬೋರ್ಡಿನ ಹಿಂದಿನ ಭಯ

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಮೊತ್ತ ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೆಂಗಳೂರಿನಲ್ಲಿ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳವರು ಸ್ಕ್ಯಾನರ್ ಕಿತ್ತು ‘ನೋ ಯುಪಿಐ, ಓನ್ಲಿ ಕ್ಯಾಶ್’ ಎಂದು ಬರೆದು ಅಂಟಿಸಿದರು. ಗಲಾಟೆಯಾಯಿತು, ಮುಖ್ಯಮಂತ್ರಿಗಳು ವ್ಯಾಪಾರಿಗಳ ಜತೆ ಸಭೆ ನಡೆಸಿದರು. ಆ ಸುದ್ದಿ ಸಣ್ಣ ಊರುಗಳ ಲಾಡ್ಜುಗಳಿಗೂ ಹೋಂಸ್ಟೇಗಳಿಗೂ ಮುಟ್ಟಿತು.

ಆಗ ಹಲವರಿಗೆ ಯುಪಿಐ ತೆಗೆದುಕೊಂಡರೆ ತೆರಿಗೆ ಬೀಳುತ್ತದೆ, ನಗದಾದರೆ ಬೀಳುವುದಿಲ್ಲ ಎನಿಸಿತು. ಕಾನೂನು ಹಾಗಿಲ್ಲ. ಸೇವೆ ಕೊಡುವವರ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ, ಸರಕು ಮಾರುವವರಿಗೆ ಈ ಮಿತಿ 40 ಲಕ್ಷ. ಹಣ ನಗದಾಗಿ ಬಂದಿತೋ ಫೋನಿನಲ್ಲಿ ಬಂದಿತೋ ಎಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಲಾಡ್ಜಿನಲ್ಲಂತೂ ಪ್ರತಿಯೊಬ್ಬ ಅತಿಥಿಯ ಹೆಸರು, ಬಂದ ವೇಳೆ, ಹೋದ ವೇಳೆ ರಿಜಿಸ್ಟರಿನಲ್ಲಿ ಇರುತ್ತದೆ. ಸ್ಕ್ಯಾನರ್ ತೆಗೆದರೆ ಆ ಪುಸ್ತಕವೇನೂ ಮಾಯವಾಗುವುದಿಲ್ಲ.

ಸಕಲೇಶಪುರದ ಕಡೆ ಐದು ರೂಮಿನ ಹೋಂಸ್ಟೇ ನಡೆಸುವವರ ಸ್ಥಿತಿ ಬೇರೆ. ಅದೇ 1,500 ರೂಪಾಯಿ ಬಾಡಿಗೆ, ಅದೇ ಅರ್ಧ ಭರ್ತಿ ಎಂದುಕೊಂಡರೆ ವರ್ಷಕ್ಕೆ ಹದಿಮೂರು ಮುಕ್ಕಾಲು ಲಕ್ಷದ ಆಸುಪಾಸು. ಬೇರೆ ವ್ಯವಹಾರ ಇಲ್ಲದಿದ್ದರೆ ಅವರು ಮಿತಿಯೊಳಗೇ ಇದ್ದಾರೆ, ಎಲ್ಲವನ್ನೂ ಯುಪಿಐನಲ್ಲಿ ತೆಗೆದುಕೊಂಡರೂ ನೋಂದಣಿಯ ಪ್ರಶ್ನೆ ಬರುವುದಿಲ್ಲ. ಆದರೆ ನೋಂದಣಿ ಇಲ್ಲದವರು ಅತಿಥಿಯಿಂದ ‘ಜಿಎಸ್‌ಟಿ’ ಎಂದು ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ. ಬೋರ್ಡಿನಲ್ಲಿ ‘ಜಿಎಸ್‌ಟಿ ಪ್ರತ್ಯೇಕ’ ಎಂದಿದ್ದು ಬಿಲ್ಲಿನ ಮೇಲೆ ಹದಿನೈದು ಅಂಕಿ-ಅಕ್ಷರಗಳ ಜಿಎಸ್‌ಟಿ ನಂಬರು ಇಲ್ಲದಿದ್ದರೆ ಅಲ್ಲಿ ಕೇಳಿ ತಿಳಿದುಕೊಳ್ಳಬೇಕು.

ನಗದು ಮಾತ್ರ ಎನ್ನುವವರು ಅದನ್ನು ಕೌಂಟರಿನಲ್ಲಿ ಹೇಳಿದರೆ ತಡವಾಯಿತು. ಬುಕಿಂಗ್ ಮಾಡುವ ಫೋನಿನಲ್ಲೇ ಹೇಳಬೇಕು. ಮಲೆನಾಡಿನ ಎಷ್ಟೋ ಕಡೆ ನೆಟ್‌ವರ್ಕ್ ಸಿಗುವುದಿಲ್ಲ, ಹತ್ತಿರದ ಎಟಿಎಂ ಇಪ್ಪತ್ತು ಕಿಲೋಮೀಟರ್ ದೂರ ಇರಬಹುದು. ಅಂಥ ಕಡೆ ‘ಇಲ್ಲಿ ಫೋನ್ ಪಾವತಿ ಆಗುವುದು ಕಷ್ಟ, ನಗದು ತನ್ನಿ ಅಥವಾ ಹೊರಡುವ ಮುಂಚೆಯೇ ಕಳಿಸಿ’ ಎಂಬ ಒಂದು ಮೆಸೇಜು ಗೋಡೆಯ ಮೇಲಿನ ಬೋರ್ಡಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ನಗದು, ಸ್ಕ್ಯಾನರ್, ಕಾರ್ಡು: ಎಲ್ಲಿ ಎಡವಟ್ಟಾಗುತ್ತದೆ

ನಗದಿನಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ನಾಣ್ಯ ಮತ್ತು ನೋಟಿನ ಬಗ್ಗೆ. ಹತ್ತು ರೂಪಾಯಿಯ ನಾಣ್ಯ ಬೇಡ ಎನ್ನುವ ಅಂಗಡಿಗಳು ನಮ್ಮ ಊರುಗಳಲ್ಲಿ ಈಗಲೂ ಇವೆ. ಬೇರೆ ಬೇರೆ ವಿನ್ಯಾಸದಲ್ಲಿ ಬಂದಿರುವ ಹತ್ತರ ನಾಣ್ಯಗಳೆಲ್ಲವೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕು ಮತ್ತೆ ಮತ್ತೆ ಹೇಳಿದೆ. ಒಂದು ಪಾವತಿಯಲ್ಲಿ 1,000 ರೂಪಾಯಿಯವರೆಗೆ ನಾಣ್ಯಗಳಲ್ಲಿ ಕೊಡಬಹುದು. 2,000 ರೂಪಾಯಿ ನೋಟನ್ನು 2023ರ ಮೇ ತಿಂಗಳಿನಲ್ಲಿ ಹಿಂತೆಗೆದುಕೊಂಡರು, ಅದನ್ನು ಬದಲಿಸಲು ಈಗ ರಿಸರ್ವ್ ಬ್ಯಾಂಕಿನ ಕಚೇರಿಗಳಿಗೇ ಹೋಗಬೇಕು, ನಮ್ಮ ರಾಜ್ಯದವರಿಗೆ ಬೆಂಗಳೂರಿನ ನೃಪತುಂಗ ರಸ್ತೆಯ ಕಚೇರಿ. ಹೊಸಪೇಟೆಯ ಲಾಡ್ಜಿಗೆ ಅದನ್ನು ತೆಗೆದುಕೊಂಡು ಮಾಡುವುದೇನೂ ಇಲ್ಲ, ಹಾಗಾಗಿ ಬೋರ್ಡಿನಲ್ಲೇ ಹೇಳಿಬಿಡುವುದು ಒಳ್ಳೆಯದು. ಮದುವೆ ದಿಬ್ಬಣಕ್ಕೆ ಇಡೀ ಲಾಡ್ಜನ್ನು ಕೊಡುವಾಗ ಇನ್ನೊಂದು ಎಚ್ಚರ ಬೇಕು. ಒಂದೇ ಸಮಾರಂಭಕ್ಕೆ ಒಬ್ಬರಿಂದ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಹಣವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಕಂತು ಕಂತಾಗಿ ಪಡೆದರೂ ಅದು ಒಂದೇ ಲೆಕ್ಕ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಸ್ಕ್ಯಾನರಿನಲ್ಲಿ ಮುಖ್ಯವಾದದ್ದು ಹೆಸರು. ಲಾಡ್ಜಿನ ಹೆಸರೊಂದು, ಸ್ಕ್ಯಾನ್ ಮಾಡಿದಾಗ ಫೋನಿನಲ್ಲಿ ಬರುವ ಹೆಸರು ಮಾಲೀಕರ ಮಗನದ್ದೋ ಮ್ಯಾನೇಜರರದ್ದೋ ಆಗಿದ್ದರೆ ಅತಿಥಿಗೆ ಗೊಂದಲ. ನಿಜವಾದ ಸ್ಕ್ಯಾನರಿನ ಮೇಲೆ ಬೇರೊಂದನ್ನು ಅಂಟಿಸಿ ಹಣ ಹೊಡೆಯುವ ಪ್ರಕರಣಗಳು ನಡೆದಿರುವುದರಿಂದ ಈ ಗೊಂದಲಕ್ಕೆ ಜಾಗ ಕೊಡಬಾರದು. ‘ಸ್ಕ್ಯಾನ್ ಮಾಡಿದಾಗ ಈ ಹೆಸರು ಬರಬೇಕು’ ಎಂದು ಬೋರ್ಡಿನಲ್ಲಿ ಬರೆದಿದ್ದರೆ ಮೋಸ ಅಲ್ಲೇ ಬಯಲಾಗುತ್ತದೆ. ಪ್ರತಿ ಪಾಳಿಯ ಆರಂಭದಲ್ಲಿ ಕೌಂಟರಿನವರೇ ಒಮ್ಮೆ ಸ್ಕ್ಯಾನ್ ಮಾಡಿ ಹೆಸರು ನೋಡಿಕೊಂಡರೆ ಇನ್ನೂ ಒಳ್ಳೆಯದು.

ಅತಿಥಿಯ ಖಾತೆಯಿಂದ ಹಣ ಹೋಗಿ ಲಾಡ್ಜಿಗೆ ಬಾರದೆ ನಿಲ್ಲುವುದು ಎಲ್ಲರಿಗೂ ತಲೆನೋವು. ನಮ್ಮ 3,150 ರೂಪಾಯಿಯ ಬಿಲ್ಲಿಗೇ ಹೀಗಾಯಿತು ಎನ್ನಿ. ಅತಿಥಿಯ ಬ್ಯಾಂಕಿನಿಂದ ಮೆಸೇಜ್ ಬಂದಿದೆ, ಸೌಂಡ್‌ಬಾಕ್ಸ್ ಮಾತ್ರ ಕೂಗಿಲ್ಲ. ಮ್ಯಾನೇಜರು ಅತಿಥಿಯ ಫೋನಿನ ಸ್ಕ್ರೀನ್‌ಶಾಟನ್ನು ನಂಬುವಂತಿಲ್ಲ, ಏಕೆಂದರೆ ಹಣ ಹೋದಂತೆ ತೋರಿಸುವ ನಕಲಿ ಆ್ಯಪ್‌ಗಳಿವೆ. ಹಾಗೆಂದು ಎಲ್ಲ ಅತಿಥಿಗಳೂ ಸುಳ್ಳು ಹೇಳುವವರಲ್ಲ. ಮೊದಲು ಲಾಡ್ಜಿನ ಆ್ಯಪ್‌ನ ವಹಿವಾಟು ಪಟ್ಟಿಯಲ್ಲಿ ಮೊತ್ತ ಬಂದಿದೆಯೇ ನೋಡಬೇಕು, ಸೌಂಡ್‌ಬಾಕ್ಸಿನ ನೆಟ್‌ವರ್ಕ್ ಹೋಗಿದ್ದರೂ ಹಣ ಬಂದಿರಬಹುದು. ಬಂದಿಲ್ಲವಾದರೆ ಅತಿಥಿಯ ಫೋನಿನಲ್ಲಿರುವ 12 ಅಂಕಿಯ ವಹಿವಾಟು ಸಂಖ್ಯೆಯನ್ನು ಬಿಲ್ಲಿನ ಎರಡೂ ಪ್ರತಿಗಳ ಮೇಲೆ ಬರೆದು, ಬೇರೆ ರೀತಿಯಲ್ಲಿ ಹಣ ಪಡೆದು, ‘ಮೊದಲಿನ ಮೊತ್ತ ಬಂದರೆ ಹಿಂತಿರುಗಿಸುತ್ತೇವೆ’ ಎಂದು ಸಹಿ ಹಾಕಿ ಕೊಡಬೇಕು. ವ್ಯಾಪಾರಿಗೆ ತಲುಪದ ಯುಪಿಐ ಹಣವನ್ನು ವಹಿವಾಟಿನ ದಿನದ ನಂತರ ಐದು ದಿನದೊಳಗೆ ಬ್ಯಾಂಕು ತಾನಾಗಿ ವಾಪಸ್ ಹಾಕಬೇಕೆಂದು ರಿಸರ್ವ್ ಬ್ಯಾಂಕಿನ 2019ರ ಆದೇಶವಿದೆ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಕೌಂಟರಿನಲ್ಲಿ ಇಷ್ಟು ಗೊತ್ತಿದ್ದರೆ ಕೂಗಾಟಕ್ಕೆ ಕಾರಣವೇ ಇರುವುದಿಲ್ಲ.

ಹಂಪಿಗೆ ಬರುವ ವಿದೇಶಿಯರಲ್ಲಿ ಬಹಳ ಮಂದಿಗೆ ಯುಪಿಐ ಇರುವುದಿಲ್ಲ. ಅವರು ಕೊಡುವುದು ನಗದು ಅಥವಾ ತಮ್ಮ ದೇಶದ ಕಾರ್ಡು. ಕೆಲವು ಮಷೀನುಗಳು ‘ರೂಪಾಯಿಯಲ್ಲೋ ನಿಮ್ಮ ದೇಶದ ಹಣದಲ್ಲೋ’ ಎಂದು ಕೇಳುತ್ತವೆ. ತಮ್ಮ ದೇಶದ ಹಣ ಎಂದು ಒತ್ತಿದರೆ ವಿನಿಮಯ ದರವನ್ನು ಮಷೀನಿನ ಕಡೆಯವರು ನಿಗದಿ ಮಾಡುತ್ತಾರೆ, ಸಾಮಾನ್ಯವಾಗಿ ಅದು ಅತಿಥಿಗೆ ದುಬಾರಿ. ಆ ಗುಂಡಿಯನ್ನು ಕೌಂಟರಿನವರು ಒತ್ತಬಾರದು, ಅತಿಥಿಯೇ ಆರಿಸಬೇಕು. ವಿದೇಶದಲ್ಲಿ ಓಡಾಡುವ ನಮ್ಮವರಿಗೂ ಇದೇ ಮಾತು, ಅಲ್ಲಿ ಕಾರ್ಡ್ ಕೊಡುವಾಗ ಆ ದೇಶದ ಹಣವನ್ನೇ ಆರಿಸಿಕೊಳ್ಳಿ.

ಅಡ್ವಾನ್ಸ್ ಹಣದ ಮಾತು

ಪಾವತಿ ಬೋರ್ಡುಗಳಲ್ಲಿ ತೀರ ಕಡಿಮೆ ಕಾಣುವುದು ವಾಪಸಾತಿಯ ವಿವರ. ರೂಮು ಕೊಡುವಾಗ ಬಾಡಿಗೆಯ ಮೇಲೆ ಐನೂರೋ ಸಾವಿರವೋ ಅಡ್ವಾನ್ಸ್ ಪಡೆಯುವುದು ನಮ್ಮ ಲಾಡ್ಜುಗಳ ವಾಡಿಕೆ. ಅದನ್ನು ಯುಪಿಐನಲ್ಲಿ ಪಡೆದು, ಬೆಳಿಗ್ಗೆ ಐದಕ್ಕೆ ಅತಿಥಿ ಹೊರಟಾಗ ‘ಮಾಲೀಕರು ಎದ್ದ ಮೇಲೆ ಹಾಕ್ತಾರೆ’ ಎನ್ನುವುದು ಅನೇಕ ಕಡೆ ನಡೆಯುತ್ತದೆ. ಹಣ ಬಂದ ದಾರಿಯಲ್ಲೇ ವಾಪಸ್ ಹೋಗಬೇಕು ಎಂಬುದು ಸುರಕ್ಷಿತ ನಿಯಮ. ಕಾರ್ಡಿನಲ್ಲಿ ಬಂದದ್ದನ್ನು ನಗದಾಗಿ ಕೊಟ್ಟರೆ, ನಂತರ ಅದೇ ವ್ಯಕ್ತಿ ಬ್ಯಾಂಕಿನಲ್ಲಿ ಆ ಪಾವತಿಯನ್ನೇ ಪ್ರಶ್ನಿಸಿದಾಗ ಲಾಡ್ಜು ಎರಡು ಸಲ ಹಣ ಕಳೆದುಕೊಳ್ಳಬಹುದು. ಕಾರ್ಡಿಗೆ ವಾಪಸ್ ಹಾಕಿದ ಹಣ ಅತಿಥಿಯ ಖಾತೆ ಸೇರಲು ಕೆಲವು ದಿನ ಹಿಡಿಯುತ್ತದೆ ಎಂಬುದನ್ನೂ ಮೊದಲೇ ಹೇಳಬೇಕು.

ಊಟದ ಹಾಲ್ ಇರುವ ಲಾಡ್ಜುಗಳು ಇನ್ನೊಂದು ಸಾಲನ್ನು ಬೋರ್ಡಿನಿಂದ ತೆಗೆಯಬೇಕಾಗಬಹುದು. ಸರ್ವಿಸ್ ಚಾರ್ಜನ್ನು ಬಿಲ್ಲಿಗೆ ತಾವಾಗಿ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸಂತೋಷದಿಂದ ಕೊಟ್ಟ ಟಿಪ್ಸ್ ಬೇರೆ, ಬಿಲ್ಲಿನಲ್ಲಿ ಮುದ್ರಿಸಿ ಕೇಳುವುದು ಬೇರೆ.

ಒಂದು ಮಾದರಿ

ಇಷ್ಟನ್ನೆಲ್ಲ ಒಂದು ಹಾಳೆಯಲ್ಲಿ ಹೇಳಬಹುದು. ನಮ್ಮ ಹೊಸಪೇಟೆಯ ಲಾಡ್ಜಿಗೆ ಅದು ಹೀಗಿದ್ದರೆ ಸಾಕು:

*ಅತಿಥಿಗಳ ಗಮನಕ್ಕೆ*

*ರೂಮ್ ಬಾಡಿಗೆ ದಿನಕ್ಕೆ ರೂ. 1,500, ಜಿಎಸ್‌ಟಿ ಶೇ 5 ರೂ. 75. ಒಟ್ಟು ರೂ. 1,575. ನೀವು ಕೊಡಬೇಕಾದದ್ದು ಇಷ್ಟೇ.*

*ನಗದು, ಯುಪಿಐ, ಡೆಬಿಟ್ ಕಾರ್ಡ್, ಕ್ರೆಡಿಟ್ ಕಾರ್ಡ್ ಯಾವುದರಲ್ಲಾದರೂ ಕೊಡಬಹುದು. ಯಾವುದಕ್ಕೂ ಹೆಚ್ಚುವರಿ ಶುಲ್ಕವಿಲ್ಲ. ಚೆಕ್ ಮತ್ತು ವಿದೇಶಿ ಹಣ ತೆಗೆದುಕೊಳ್ಳುವುದಿಲ್ಲ.*

*ಯುಪಿಐ ಸ್ಕ್ಯಾನ್ ಮಾಡಿದಾಗ ನಮ್ಮ ಲಾಡ್ಜಿನ ಹೆಸರೇ ಬರಬೇಕು. ಬೇರೆ ಹೆಸರು ಬಂದರೆ ಹಣ ಕಳಿಸಬೇಡಿ, ಕೌಂಟರಿನಲ್ಲಿ ತಿಳಿಸಿ. ಸಿಬ್ಬಂದಿಯ ಸ್ವಂತ ನಂಬರಿಗೆ ಹಣ ಹಾಕಬೇಡಿ.*

*ರೂ. 10ರ ಎಲ್ಲ ನಾಣ್ಯಗಳನ್ನೂ ತೆಗೆದುಕೊಳ್ಳುತ್ತೇವೆ. ರೂ. 2,000ದ ನೋಟು ಬೇಡ.*

*ಅಡ್ವಾನ್ಸ್ ರೂ. 500. ರೂಮ್ ಖಾಲಿ ಮಾಡಿದಾಗ ಯಾವ ರೀತಿಯಲ್ಲಿ ಕೊಟ್ಟಿರೋ ಅದೇ ರೀತಿಯಲ್ಲಿ ವಾಪಸ್. ಕಾರ್ಡಿಗೆ ಹಾಕಿದ ಹಣ ಸೇರಲು ಕೆಲವು ದಿನ ಆಗಬಹುದು.*

*ಖಾತೆಯಿಂದ ಹಣ ಹೋಗಿ ನಮಗೆ ಬಾರದಿದ್ದರೆ ವಹಿವಾಟು ಸಂಖ್ಯೆಯನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.*

*ಪ್ರತಿ ಪಾವತಿಗೂ ಬಿಲ್ ಕೇಳಿ ಪಡೆಯಿರಿ. ಈ ಸೂಚನೆ ಬರೆದ ದಿನಾಂಕ: …*

ಈ ಹಾಳೆಯ ಮೊದಲ ಸಾಲಿನಲ್ಲಿ ಇರುವುದು ಒಟ್ಟು ಮೊತ್ತ. ‘ತೆರಿಗೆ ಪ್ರತ್ಯೇಕ’ ಎಂದು ಬರೆದರೆ ಲೆಕ್ಕ ಹಾಕುವ ಕೆಲಸ ಅತಿಥಿಯ ತಲೆಗೆ ಬೀಳುತ್ತದೆ, ದಣಿದವರು ಅದನ್ನು ಮಾಡುವುದಿಲ್ಲ. ಕನ್ನಡದಲ್ಲಿ ದೊಡ್ಡದಾಗಿ ಬರೆದು, ಊರಿಗೆ ಬರುವವರನ್ನು ನೋಡಿ ಇಂಗ್ಲಿಷ್ ಅಥವಾ ಇನ್ನೊಂದು ಭಾಷೆಯನ್ನು ಕೆಳಗೆ ಹಾಕಬಹುದು. ಅದನ್ನು ಇಡಬೇಕಾದ ಜಾಗ ಅತಿಥಿ ಹೆಸರು ಬರೆಯುವ ರಿಜಿಸ್ಟರಿನ ಪಕ್ಕ. ಕೀ ತೆಗೆದುಕೊಳ್ಳುವ ಮುಂಚೆ ಕಣ್ಣಿಗೆ ಬಿದ್ದರೆ ಅದು ಸೂಚನೆ, ಬಿಲ್ಲು ಕಟ್ಟುವಾಗ ಬೆರಳು ಮಾಡಿ ತೋರಿಸಿದರೆ ಅದು ನೆಪ.

ಬೋರ್ಡು ಹೇಗೇ ಇರಲಿ, ಅತಿಥಿ ಕೌಂಟರಿನಲ್ಲಿ ಒಂದೇ ಪ್ರಶ್ನೆ ಕೇಳಿದರೆ ಸಾಕು: “ಎಲ್ಲಾ ಸೇರಿ ಎಷ್ಟಾಗುತ್ತೆ, ಹೇಗೆ ಕೊಟ್ಟರೂ ಅಷ್ಟೇನಾ?” ನಂತರವೂ ಡೆಬಿಟ್ ಕಾರ್ಡಿಗೋ ಯುಪಿಐಗೋ ಹೆಚ್ಚುವರಿ ಕೇಳಿದರೆ ಅದನ್ನು ಬಿಲ್ಲಿನಲ್ಲಿ ಬೇರೆ ಸಾಲಾಗಿ ಬರೆದು ಕೊಡಿ ಎನ್ನಿ. ಬರೆದುಕೊಡಲು ಹಿಂಜರಿದರೆ ಆ ಶುಲ್ಕದ ಬಲ ಎಷ್ಟೆಂದು ಅಲ್ಲೇ ತಿಳಿಯುತ್ತದೆ. ಬರೆದುಕೊಟ್ಟರೆ ದೂರಿಗೆ ದಾಖಲೆ ಸಿಕ್ಕಿತು. ಮಷೀನಿನ ಚೀಟಿಯ ಮೇಲೆ ಯಾವ ಬ್ಯಾಂಕಿನದೆಂದು ಇರುತ್ತದೆ, ಆ ಬ್ಯಾಂಕಿಗೆ ಬರೆಯಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915. ಬಿಲ್ಲನ್ನೇ ಕೊಡದಿರುವುದು 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ.

ಮಾಲೀಕರು ಮರೆಯಬಾರದ ಕೆಲಸ ಇನ್ನೊಂದಿದೆ, ಅದು ಹಾಳೆಯ ಕೊನೆಯಲ್ಲಿರುವ ದಿನಾಂಕ. ತೆರಿಗೆಯ ದರವೂ ಬ್ಯಾಂಕಿನ ಶುಲ್ಕವೂ ಬದಲಾಗುತ್ತಲೇ ಇರುತ್ತವೆ. ಶೇ 12 ಎಂದು ಬರೆದ ಹಳೆಯ ಬೋರ್ಡನ್ನು ಹಾಗೇ ಬಿಟ್ಟು, ಅದನ್ನೇ ನೋಡಿ ಹೊಸ ಹುಡುಗ ಬಿಲ್ಲು ಹಾಕಿದರೆ 3,000 ರೂಪಾಯಿಯ ಮೇಲೆ 210 ರೂಪಾಯಿ ತಪ್ಪಾಗಿ ವಸೂಲಾಗುತ್ತದೆ. ಎರಡು ಪರ್ಸೆಂಟಿನ ಜಗಳಕ್ಕಿಂತ ಅದು ಮೂರು ಪಟ್ಟಿಗೂ ಹೆಚ್ಚು. ವರ್ಷಕ್ಕೆರಡು ಸಲ, ಬ್ಯಾಂಕಿನ ವಿವರವನ್ನೂ ಆಡಿಟರ್ ಹೇಳಿದ ದರವನ್ನೂ ಪಕ್ಕದಲ್ಲಿಟ್ಟುಕೊಂಡು ಹಾಳೆಯನ್ನು ಓದಿ, ಬದಲಾಗಿದ್ದರೆ ಹೊಸದಾಗಿ ಬರೆಸಿ, ಹಳೆಯದನ್ನು ಹರಿದುಹಾಕಬೇಕು.